ಬಿಳಿ ಕಟ್ಟಡದ ಮೇಲೆ ಬಿಳಿ ಅಕ್ಷರ

ಬಿಳಿ ಕಟ್ಟಡ, ಬಿಳಿ ಕೋಟು ತೊಟ್ಟ ಆರು ಜನ ಡಾಕ್ಟರು, ಹಿಂದೆ ಬೆಳಗಿನ ಬಿಳಿ ಆಕಾಶ. ಅದರ ಮೇಲೆ ಬಿಳಿ ಅಕ್ಷರ ಬೇಕಂತೆ. ಅದೂ ಕೂದಲೆಳೆಯಷ್ಟು ತೆಳ್ಳಗೆ.

ಒಂಬತ್ತು ವರ್ಷದಿಂದ ಒಂದು ಪ್ರಿಂಟಿಂಗ್ ಅಂಗಡಿಯ ಮೂಲೆಯಲ್ಲಿ ಕೂತು ಜನರ ಫೋಟೊಗಳ ಮೇಲೆ ಅಕ್ಷರ ಕೂರಿಸುವುದೇ ನನ್ನ ಕೆಲಸ. ಮೊದಲೆಲ್ಲ ಬ್ಯಾನರ್, ಈಗ ಹೆಚ್ಚಿನದು ಫೋನಿಗೆ ಹಾಕುವ ಪೋಸ್ಟ್. ನೋಡಿದವರೆಲ್ಲ ‘ಅಯ್ಯೋ, ಇದೇನು ಮಹಾ, ಎರಡು ನಿಮಿಷದ ಕೆಲಸ’ ಅನ್ನುತ್ತಾರೆ. ಆ ಎರಡು ನಿಮಿಷದಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ.

ಈ ಬಿಳಿ ಫೋಟೊ ಕಣ್ಣಿನ ಆಸ್ಪತ್ರೆಯದು. ಕಣ್ಣಿನ ಪೊರೆಗೆ ಉಚಿತ ಆಪರೇಷನ್ ಶಿಬಿರ. ಹೊರಗಿನಿಂದ ಡಾಕ್ಟರ ತಂಡ ತಮ್ಮ ಯಂತ್ರ ಹೊತ್ತು ಬರಬೇಕು. ನಲವತ್ತು ಹೆಸರಾದರೂ ಇದ್ದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ, ಮತ್ತೆ ಮುಂದಿನ ವರ್ಷವೇ. ಹೆಸರು ಕೊಡಲು ಶುಕ್ರವಾರ ಸಂಜೆ ಐದರ ತನಕ ಸಮಯ. ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನ ದೊಡ್ಡಮ್ಮನದು. ನಾನೇ ಬರೆಸಿದ್ದೆ.

ದೊಡ್ಡಮ್ಮ ಹೊಲಿಗೆಯವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳ ಆ ಮಷೀನೇ. ಒಂದು ಕಣ್ಣು ಪೂರ್ತಿ ಮಂಜಾಗಿದೆ, ಇನ್ನೊಂದು ಅದರ ಹಿಂದೆಯೇ ಹೊರಟಿದೆ. ಈಗ ಬಟ್ಟೆಯನ್ನು ಬೆರಳಲ್ಲೇ ತಡವಿ ಹೊಲಿಯುತ್ತಾಳೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗಾಯ. ಪೊರೆ ಗಟ್ಟಿಯಾಗುತ್ತಿದೆ, ಇನ್ನೊಂದು ವರ್ಷ ಬಿಟ್ಟರೆ ಆಪರೇಷನ್ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಹಾಗಾಗಿ ಈ ಪೋಸ್ಟ್ ನನಗೆ ಬರೀ ಪೋಸ್ಟ್ ಆಗಿರಲಿಲ್ಲ. ಆದರೆ ಅದನ್ನು ಒಪ್ಪಬೇಕಾದವರು ಆಸ್ಪತ್ರೆಯ ಪ್ರಚಾರಾಧಿಕಾರಿ. ನಾನು ಅವರಿಗೆ ಇಟ್ಟ ಹೆಸರು ‘ಸ್ವಲ್ಪ ಸಾರ್’. ಯಾಕೆಂದರೆ ಅವರ ಬಾಯಿಂದ ಆ ಪದವಿಲ್ಲದೆ ಒಂದು ಮಾತೂ ಹೊರಡುವುದಿಲ್ಲ.

“ಅಕ್ಷರ ಸ್ವಲ್ಪ ತೆಳ್ಳಗಿರಲಿ ಮೇಡಂ. ಸ್ವಲ್ಪ ಚಿಕ್ಕದು. ಸ್ವಲ್ಪ ಕ್ಲಾಸ್ ಆಗಿ ಕಾಣ್ಬೇಕು.”

“ಸಾರ್, ಬಿಳಿ ಮೇಲೆ ಬಿಳಿ ಕಾಣಲ್ಲ. ಫೋಟೊ ಮೇಲೆ ಒಂದು ಕಪ್ಪು ಪದರ ಹಾಕಿ ಸ್ವಲ್ಪ...” ಛೆ, ನನಗೂ ಆ ರೋಗ ಅಂಟಿತ್ತು. “ಮಬ್ಬು ಮಾಡಿ ಅದರ ಮೇಲೆ ಅಕ್ಷರ ದಪ್ಪ ಹಾಕ್ತೀನಿ.”

“ಕಪ್ಪು ಬೇಡವೇ ಬೇಡ. ಕಣ್ಣಾಸ್ಪತ್ರೆ ಅಂದ್ರೆ ಬೆಳಕು! ಹೊಸ ಕಟ್ಟಡ ಬೇರೆ. ಬೇಕಿದ್ರೆ ಅಕ್ಷರಕ್ಕೆ ಸ್ವಲ್ಪ ನೆರಳು ಕೊಡಿ.”

ನೆರಳು ಕೊಟ್ಟೆ. ಕೂದಲೆಳೆಯಂಥ ಅಕ್ಷರಕ್ಕೆ ನೆರಳು ಕೊಟ್ಟರೆ ಏನಾಗುತ್ತದೆ? ಅಕ್ಷರ ಕಾಣುವುದಿಲ್ಲ, ಪಕ್ಕದಲ್ಲಿ ಬೂದಿ ಬಣ್ಣದ ಕೊಳೆ ಮಾತ್ರ ಕಾಣುತ್ತದೆ. ನೆರಳನ್ನು ಗಾಢ ಮಾಡಿದರೆ ‘ಸ್ವಲ್ಪ ಜಾಸ್ತಿಯಾಯ್ತು’ ಅಂದರು. ಕಟ್ಟಡದ ಕಿಟಕಿ ಸಾಲಿನ ಮೇಲೆ ಬರಹ ಬೇಡ, ಪ್ರತಿ ಕಿಟಕಿಗೂ ಒಂದೊಂದು ಅಕ್ಷರ ಮುರಿದುಹೋಗುತ್ತದೆ ಎಂದು ಬಡಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕಡೆಗೆ ‘ಕತ್ತಲಿನಿಂದ ಬೆಳಕಿನೆಡೆಗೆ ನಿಮ್ಮನ್ನು ಕರೆದೊಯ್ಯುವ ನಮ್ಮ ಪುಟ್ಟ ಹೆಜ್ಜೆ’ ಎಂಬ ಅವರದೇ ಸಾಲನ್ನೂ ಇರುವೆ ಸಾಲಿನಂತೆ ತುರುಕಿಸಿದರು. ಹನ್ನೊಂದನೆಯ ಸಲ ತಿದ್ದಿದ ಮೇಲೆ ಸೋಮವಾರ ಅದು ಹೊರಗೆ ಹೋಯಿತು. ಅಂಗಡಿಯ ಯಜಮಾನರನ್ನು ಕೇಳಿದರೆ, “ಅವರ ಫೋಟೊ, ಅವರ ಇಷ್ಟ, ನಿಂಗ್ಯಾಕೆ ಉರಿ?” ಎಂದರು.

ಬುಧವಾರ ಆಸ್ಪತ್ರೆಗೆ ಫೋನ್ ಮಾಡಿದರೆ ಪಟ್ಟಿಯಲ್ಲಿ ಹನ್ನೊಂದು ಹೆಸರು. ಪೋಸ್ಟಿಗೆ ಮಾತ್ರ ಆರುನೂರು ಲೈಕ್! ಕೆಳಗೆ ‘ಸುಂದರ ಕಟ್ಟಡ’, ‘ಅಭಿನಂದನೆಗಳು ಡಾಕ್ಟರೇ’ ಎಂಬ ಮಾತುಗಳು. ಶಿಬಿರ ಎಂಬ ಪದವನ್ನು ಒಬ್ಬರೂ ಎತ್ತಿರಲಿಲ್ಲ. ಕಟ್ಟಡ ಉದ್ಘಾಟನೆ ಎಂದುಕೊಂಡಿದ್ದಾರೆ ಎಲ್ಲರೂ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ನೇರ ದೊಡ್ಡಮ್ಮನ ಮನೆಗೆ ಹೋದೆ. ಕಿಟಕಿ ಪಕ್ಕ ಮಷೀನಿನ ಮೇಲೆ ಬಾಗಿ ಕೂತಿದ್ದಳು. ಹೆಜ್ಜೆ ಸಪ್ಪಳದಲ್ಲೇ ನನ್ನನ್ನು ಗುರುತಿಸಿದಳು.

“ಬಾ ಮೆಣಸಿನಕಾಯಿ. ಇವತ್ತು ಯಾರ ಮೇಲೆ ಸಿಟ್ಟು?”

ನಾನು ಫೋನನ್ನು ಅವಳ ಮುಖದ ಮುಂದೆ ಹಿಡಿದೆ. “ಏನು ಬರೆದಿದೆ ಓದು.”

ಹತ್ತಿರ ತಂದಳು, ದೂರ ಹಿಡಿದಳು, ಕತ್ತು ಓರೆ ಮಾಡಿದಳು. “ಏನೋ ಬೆಳ್ಳಗಿದೆ. ಗೋಡೆನಾ? ಬರೆದಿದೆಯಾ ಇದರಲ್ಲಿ?”

“ನಿನ್ನ ಆಪರೇಷನ್ ವಿಷಯನೇ ಬರೆದಿದೆ ದೊಡ್ಡಮ್ಮ.”

“ಹಾಗಾದ್ರೆ ನನ್ನಂಥೋರಿಗೆ ಬರೆದಿಲ್ಲ ಬಿಡು,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

“ನಿಂಗೆ ಹೇಗೆ ಕಾಣುತ್ತೆ? ಸರಿಯಾಗಿ ಹೇಳು.”

ಅವಳು ಮಷೀನಿನ ಪಕ್ಕದಿಂದ ಒಂದು ಕವರ್ ಎಳೆದು ಕೊಟ್ಟಳು. ಹೊಲಿದ ಬಟ್ಟೆಯನ್ನು ಹಾಕಿಕೊಡುವ, ಹಾಲಿನ ಬಣ್ಣದ ತೆಳು ಪ್ಲಾಸ್ಟಿಕ್ ಕವರ್. “ಇದನ್ನ ಕಣ್ಣಿಗೆ ಅಡ್ಡ ಹಿಡ್ಕೊ. ಹೀಗೇ. ಬೆಳಕು ಬಿದ್ರೆ ಇನ್ನೂ ಕಷ್ಟ, ಎಲ್ಲಾ ಒಂದೇ ಬೆಳ್ಳಗೆ ಹರಡುತ್ತೆ.”

ಹಿಡಿದು ನೋಡಿದೆ. ನಾನೇ ಮಾಡಿದ ಪೋಸ್ಟ್ ನನಗೇ ಕಾಣಲಿಲ್ಲ. ಕೂತಲ್ಲೇ ಸಿಟ್ಟು ನೆತ್ತಿಗೇರಿತು. ಆ ಮನುಷ್ಯನ ಮೇಲೆ ಅರ್ಧ, ಹನ್ನೊಂದು ಸಲ ತಿದ್ದಿ ಗೋಣು ಆಡಿಸಿದ ನನ್ನ ಮೇಲೆ ಅರ್ಧ.

ಗುರುವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಹೊಸದಾಗಿ ಶುರುಮಾಡಿದೆ. ಫೋಟೊ ಅದೇ. ಫೋಟೊದ ಕೆಳಗಡೆ ಡಾಕ್ಟರು ನಿಂತ ಮೆಟ್ಟಿಲ ಸಾಲಿತ್ತು, ಅಲ್ಲಿಂದ ಕಪ್ಪು ಪದರವನ್ನು ಏರಿಸಿದೆ. ಬುಡದಲ್ಲಿ ಗಾಢ ಕಪ್ಪು, ಮೇಲೇರುತ್ತ ತೆಳುವಾಗಿ ಅವರ ಸೊಂಟದ ಹತ್ತಿರ ಮಾಯ. ಮುಖಗಳನ್ನು ಮುಟ್ಟಲಿಲ್ಲ, ಕಟ್ಟಡವನ್ನೂ ಮುಟ್ಟಲಿಲ್ಲ. ಆ ಕಪ್ಪಿನ ಮೇಲೆ ನಾಲ್ಕೇ ಸಾಲು, ದಪ್ಪ ಬಿಳಿ ಅಕ್ಷರ: ಕಣ್ಣಿನ ಪೊರೆ. ಉಚಿತ ಆಪರೇಷನ್. ಶುಕ್ರವಾರ ಸಂಜೆ ಐದರೊಳಗೆ ಫೋನ್ ಮಾಡಿ. ಆಮೇಲೆ ನಂಬರ್, ಎಲ್ಲಕ್ಕಿಂತ ದೊಡ್ಡದು. ಅಂಚು ಎದ್ದು ಕಾಣಲೆಂದು ಒತ್ತಾದ, ಚಿಕ್ಕ ನೆರಳು. ಪುಟ್ಟ ಹೆಜ್ಜೆ, ದೊಡ್ಡ ಹೆಜ್ಜೆ ಎಲ್ಲವನ್ನೂ ಫೋಟೊದಿಂದ ಎತ್ತಿ ಕೆಳಗಿನ ವಿವರಣೆಗೆ ಹಾಕಿದೆ. ಸ್ಟೇಟಸ್‌ಗೆಂದು ಮಾಡಿದ ಉದ್ದನೆಯ ಪ್ರತಿಯನ್ನು ನನ್ನ ಫೋನಿನಲ್ಲೇ ತೆರೆದು ನೋಡಿದರೆ, ನಂಬರ್ ಸರಿಯಾಗಿ ಪರದೆಯ ಕೆಳಗೆ ಬರುವ, ಉತ್ತರ ಬರೆಯುವ ಪಟ್ಟಿಯ ಅಡಿಗೇ ಹೋಗಿ ಕೂತಿತ್ತು. ಥೂ! ಕಂಪ್ಯೂಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದರಲ್ಲಿ ಮಾತ್ರ ಎಲ್ಲವನ್ನೂ ಮೇಲಕ್ಕೆ ಸರಿಸಿದೆ, ಕಪ್ಪನ್ನೂ ಅಷ್ಟೇ ಏರಿಸಿದೆ, ಡಾಕ್ಟರ ಕುತ್ತಿಗೆಯ ಕೆಳಗೆ ನಿಲ್ಲಿಸಿದೆ.

ಆಮೇಲೆ ಕವರನ್ನು ಚೀಲಕ್ಕೆ ತುರುಕಿಕೊಂಡು ಆಸ್ಪತ್ರೆಗೆ ಹೋದೆ.

ಸ್ವಲ್ಪ ಸಾರ್ ತಮ್ಮ ಕೋಣೆಯಲ್ಲಿ ಕೂತು ಲೈಕ್ ಎಣಿಸುತ್ತಿದ್ದರು. “ಬನ್ನಿ ಬನ್ನಿ ಮೇಡಂ! ನೋಡಿದ್ರಾ, ಏಳುನೂರು ದಾಟ್ತು.”

“ಹೆಸರು ಎಷ್ಟಾಯ್ತು ಸಾರ್?”

“ಹದಿಮೂರು. ಜನಕ್ಕೆ ಸ್ವಲ್ಪ ಆಸಕ್ತಿ ಕಮ್ಮಿ. ಏನ್ ಮಾಡೋಕಾಗುತ್ತೆ.”

ಆಸಕ್ತಿ ಕಮ್ಮಿ! ದೊಡ್ಡಮ್ಮನ ಬೆರಳುಗಳು ಕಣ್ಣಮುಂದೆ ಬಂದವು. ಕವರ್ ತೆಗೆದು ಅವರ ಮೇಜಿನ ಮೇಲಿಟ್ಟೆ. “ಸಾರ್, ಇದನ್ನ ಕಣ್ಣಿಗೆ ಅಡ್ಡ ಹಿಡ್ಕೊಳ್ಳಿ.”

“ಏನಮ್ಮಾ ಇದು?”

“ಪೊರೆ. ಹಿಡ್ಕೊಳ್ಳಿ ಸಾರ್. ಒಂದೇ ನಿಮಿಷ. ಆಮೇಲೆ ಬೇಕಾದ್ರೆ ನಮ್ಮ ಯಜಮಾನ್ರಿಗೆ ಫೋನ್ ಮಾಡಿ ನನ್ನ ಕೆಲಸ ಬಿಡಿಸಿ.”

ನನ್ನ ಮುಖ ಹೇಗಿತ್ತೋ ಏನೋ, ಎದುರಾಡದೆ ಕವರ್ ಹಿಡಿದರು. ನಾನು ಅವರದೇ ಪೋಸ್ಟನ್ನು ಒಂದು ಮೊಳ ದೂರದಲ್ಲಿ ತೋರಿಸಿದೆ.

“ಓದಿ.”

“ಇದು... ನಮ್ಮ ಕಟ್ಟಡ.”

“ಕಟ್ಟಡ ನಿಮಗೆ ಮೊದಲೇ ಗೊತ್ತು. ಬರೆದಿರೋದನ್ನ ಓದಿ.”

ಅವರು ಮುಂದೆ ಬಾಗಿದರು. ಮೂಗು ಫೋನಿಗೆ ತಾಗಿತು. ಒಂದು ಅಕ್ಷರವೂ ಹೊರಡಲಿಲ್ಲ. ನಾನು ಬೆರಳಲ್ಲಿ ಸರಿಸಿ ಹೊಸದನ್ನು ತಂದೆ.

“ಕಣ್ಣಿನ... ಪೊರೆ. ಉಚಿತ ಆಪರೇಷನ್,” ಎಂದರು. ನಿಧಾನವಾಗಿ ನಂಬರನ್ನೂ ಓದಿದರು. ಕವರ್ ಕೆಳಗಿಟ್ಟರು. ಆಮೇಲೂ ಬಿಡಬೇಕಲ್ಲ! “ಆದ್ರೂ ಮೇಡಂ, ಕೆಳಗಡೆ ಸ್ವಲ್ಪ ಕಪ್ಪು...”

“ಸಾರ್!” ನನ್ನ ದನಿ ಹೊರಗೆ ಕಾಯುತ್ತಿದ್ದ ರೋಗಿಗಳ ಸಾಲಿಗೆಲ್ಲ ಕೇಳಿಸಿರಬೇಕು. “ಡಾಕ್ಟರ ಮುಖ ಕಾಣ್ತಿದೆ, ನಿಮ್ಮ ಕಟ್ಟಡ ಕಾಣ್ತಿದೆ. ಕಪ್ಪಾಗಿರೋದು ಅವರ ಪ್ಯಾಂಟು, ನಿಮ್ಮ ಮೆಟ್ಟಿಲು. ಇದು ಕಣ್ಣು ಕಾಣದವರಿಗೆ ಹಾಕೋ ಪೋಸ್ಟು. ಕಾಣೋರಿಗಲ್ಲ! ಆ ಪಟ್ಟಿಲಿ ಮೊದಲನೇ ಹೆಸರು ನಮ್ಮ ದೊಡ್ಡಮ್ಮಂದು. ನಿಮ್ಮ ‘ಸ್ವಲ್ಪ’ದಿಂದ ಅವಳ ಕಣ್ಣು ಪೂರ್ತಿ ಹೋಗುತ್ತೆ.”

ಅವರು ಕವರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಹಾಕಿ,” ಎಂದರು. ಆ ಮಾತಿನ ಹಿಂದೆ ಮುಂದೆ ಬೇರೇನೂ ಇರಲಿಲ್ಲ. ಅವರ ಬಾಯಲ್ಲಿ ‘ಸ್ವಲ್ಪ’ ಇಲ್ಲದ ಒಪ್ಪಿಗೆಯನ್ನು ನಾನು ಕೇಳಿದ್ದು ಅದೇ ಮೊದಲು.

ಗುರುವಾರ ಹನ್ನೊಂದಕ್ಕೆ ಹೊಸ ಪೋಸ್ಟ್ ಹೋಯಿತು. ಲೈಕ್ ನೂರೂ ದಾಟಲಿಲ್ಲ. ಸಂಜೆಗೆ ಹೆಸರು ಇಪ್ಪತ್ತೆರಡು. ಶುಕ್ರವಾರ ಮಧ್ಯಾಹ್ನ ಮೂವತ್ತೊಂದು. ನಾಲ್ಕಕ್ಕೆ ಮೂವತ್ತಾರು. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿಯ ಜೀವ ಹಿಂಡಿದೆ. ಯಜಮಾನರು ಕೊಟ್ಟ ಐಸ್‌ಕ್ರೀಮ್ ಅಂಗಡಿಯ ಪೋಸ್ಟಿಗೆ ತಪ್ಪಿ ಕಣ್ಣಾಸ್ಪತ್ರೆಯ ನಂಬರ್ ಹಾಕಿ ಬೈಸಿಕೊಂಡೆ. ಐದಕ್ಕೆ ಆಸ್ಪತ್ರೆಯಿಂದಲೇ ಫೋನ್ ಬಂತು. ನಲವತ್ತಮೂರು. ಆ ಹುಡುಗಿ ಹೇಳಿದಳು, “ಅಕ್ಕಾ, ಜಾಸ್ತಿ ಜನ ತಾವೇ ಓದಿ ತಾವೇ ಫೋನ್ ಮಾಡಿದ್ರು.” ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಯಜಮಾನರು ಬೈದದ್ದು ಹೆಚ್ಚಾಯಿತೇನೋ ಎಂದು ಗಾಬರಿಯಾದರು.

ದೊಡ್ಡಮ್ಮನಿಗೆ ಆಪರೇಷನ್ ಆಯಿತು. ತಿಂಗಳಾದ ಮೇಲೆ ಓದುವ ಕನ್ನಡಕ ಬಂತು. ಅದನ್ನು ಮೂಗಿಗೇರಿಸಿಕೊಂಡವಳು ಮೊದಲು ಕೇಳಿದ್ದೇ, “ಎಲ್ಲಿ, ನೀನು ಊರೆಲ್ಲ ಜಗಳ ಆಡಿ ಹಾಕಿದ ಚಿತ್ರ ತೋರಿಸು.”

ಹೆಮ್ಮೆಯಿಂದ ತೋರಿಸಿದೆ. ನೋಡಿದಳು. ಮೂಗು ಮುರಿದಳು.

“ಇದೇನೇ ಇದು? ಕೆಳಗೆಲ್ಲ ಮಸಿ ಚೆಲ್ಲಿದ ಹಾಗೆ! ಅಕ್ಷರ ನೋಡು, ಒಂದೊಂದೂ ಇಟ್ಟಿಗೆ ಇಟ್ಟ ಹಾಗಿದೆ. ಯಾರಿಗೆ ಕಾಣಲ್ಲ ಅಂತ ಇಷ್ಟು ದಪ್ಪ ಬರೆದೆ?”

“ನಿಂಗೇ ಕಾಣ್ತಿರಲಿಲ್ಲ ದೊಡ್ಡಮ್ಮಾ!” ಎಂದು ಕಿರುಚಿದೆ.

ಅವಳು ಕೇಳಿಸಿಕೊಳ್ಳದೆ ಬೆರಳಲ್ಲಿ ಹಿಂದಕ್ಕೆ ಸರಿಸಿದಳು. ಆ ಹಳೆಯ ಬಿಳಿ ಪೋಸ್ಟ್ ಬಂತು.

“ನೋಡು, ಇದು ಎಷ್ಟು ಲಕ್ಷಣವಾಗಿದೆ. ಯಾರು ಮಾಡಿದ್ದೋ, ಅವರಿಗೆ ಒಂದು ಅಭಿರುಚಿ ಇದೆ,” ಎಂದವಳು, ಫೋನನ್ನು ಮಡಿಲಲ್ಲಿಟ್ಟುಕೊಂಡು ಓದತೊಡಗಿದಳು. “ಕತ್ತಲಿನಿಂದ... ಬೆಳಕಿನೆಡೆಗೆ... ನಿಮ್ಮನ್ನು ಕರೆದೊಯ್ಯುವ... ನಮ್ಮ ಪುಟ್ಟ ಹೆಜ್ಜೆ.”

ಕಿಟಕಿ ಸಾಲಿನಲ್ಲಿ ಮುರಿದುಹೋಗಿದ್ದ ಆ ಇರುವೆ ಅಕ್ಷರಗಳಲ್ಲಿ ಒಂದನ್ನೂ ಬಿಡಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ.

“ಇನ್ನೊಂದು ಸಲ ಓದು ದೊಡ್ಡಮ್ಮ,” ಎಂದೆ.