ಟೇಪು ಬಿಡಿಸುವ ಮೊದಲು

ವಾರ್ಡಿನ ಅಜ್ಜಿ ಆಗಷ್ಟೇ ತೀರಿಕೊಂಡಿದ್ದರು. ದೇಹವನ್ನು ಹೇಗೆ ನೋಡಿಕೊಳ್ಳಬೇಕೆಂದು ನರ್ಸಿಂಗ್ ವಿದ್ಯಾರ್ಥಿನಿಗೆ ಕಲಿಸಲು, ಸಿಡುಕಿ ಎಂದೇ ಹೆಸರಾದ ಟೀಚರು ಪರದೆ ಎಳೆದರು. ಹುಡುಗಿ ಮೈ ಒರೆಸಲು ಬಿಸಿನೀರಿಗೆ ಬಟ್ಟೆ ಅದ್ದಿದಳು.

"ತಡಿಯೇ! ಮೊದ್ಲು ಅವರ ಮಗಳನ್ನ ಕೇಳು."

"ಸ್ನಾನ ನಾವೇ ಮಾಡಿಸ್ಬೇಕು, ಮನೇಲಿ," ಎಂದಳು ಪರದೆಯ ಆಚೆ ನಿಂತಿದ್ದ ಮಗಳು.

"ಆಯ್ತಮ್ಮ. ಡ್ರಿಪ್ ಸೂಜಿಗಳನ್ನ ಮಾತ್ರ ತೆಗಿತೀವಿ."

ಅಜ್ಜಿಯ ಕೈಮೇಲೆ ಸೂಜಿಗೆ ಅಂಟಿಸಿದ್ದ ಟೇಪಿನ ತುದಿ ಹಿಡಿದ ಹುಡುಗಿ, ಅಭ್ಯಾಸಬಲದಿಂದ "ಅಜ್ಜಿ, ಸ್ವಲ್ಪ ಚುರ್ ಅನ್ನುತ್ತೆ" ಎಂದುಬಿಟ್ಟಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. ಕಣ್ಣು ತುಂಬಿ ಬಂತು.

"ಅಳು ಬಂದ್ರೆ ಅಳು. ಆಮೇಲೆ ಕೂತು ಮಾತಾಡೋಣ," ಎಂದು ಟೀಚರು ಅವಳ ಬೆನ್ನು ಸವರಿದರು. ಇನ್ನೊಂದು ಕೈಯ ಟೇಪು ಬಿಡಿಸಲು ತಾವೇ ಬಗ್ಗಿದರು.

"ಅಜ್ಜಿ, ಇದೊಂದೇ ಉಳಿದಿರೋದು. ಮೆಲ್ಲಗೆ ತೆಗಿತೀನಿ."