ಸಂಬಂಧ: ಇತರೆ

ಇಷ್ಟು ದೊಡ್ಡ ಊರಿನಲ್ಲಿ ತಾನು ಬಿದ್ದುಹೋದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ತನಗೇ ಗೊತ್ತಿಲ್ಲವಲ್ಲ ಎಂದು ದಾನಮ್ಮ ಒಳಗೊಳಗೇ ನಾಚಿಕೊಂಡಳು. ಇಂಥ ಮಾತನ್ನು ಅವಳು ಡೈರಿಗೂ ಪೂರ್ತಿ ಬಿಟ್ಟುಕೊಡುವವಳಲ್ಲ. ಹೋದ ತಿಂಗಳ ಒಂದು ಪುಟದಲ್ಲಿ 'ಅದು ಮತ್ತೆ ಬಂತು' ಎಂದಷ್ಟೇ ಬರೆದು ಮುಚ್ಚಿಟ್ಟಿದ್ದಳು.

ಸಿಂದಗಿ ಕಡೆಯ ಅವರ ಮನೆಯಲ್ಲಿ ಆ ಕಾಯಿಲೆಗೆ ಹೆಸರೇ ಇರಲಿಲ್ಲ. 'ಅದು' ಅಷ್ಟೇ. ಸಣ್ಣವಳಿದ್ದಾಗ ಶಾಲೆಯಿಂದ ಬಂದ ಕೂಡಲೇ ಅವ್ವ ಕೇಳುತ್ತಿದ್ದದ್ದು, "ಅದು ಬಂದಿತ್ತೇನು?" ಪಿಯುಸಿ ಹೊತ್ತಿಗೆ ಬರುವುದು ನಿಂತಿತು, ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವಾಗ ಅವ್ವ ಕಿಟಕಿಯ ಸರಳು ಹಿಡಿದು ಹೇಳಿದ್ದು ಒಂದೇ ಮಾತು: "ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಮನಿ ಕೊಡಂಗಿಲ್ಲ, ಗಂಡೂ ಸಿಗಂಗಿಲ್ಲ."

ಮನೆ ಸಿಕ್ಕಿತ್ತು. ಬಿಟಿಎಂ ಲೇಔಟಿನಲ್ಲಿ, ಮುನಿವೆಂಕಟಮ್ಮನವರ ಮನೆಯ ಮಹಡಿಯ ಮೇಲೊಂದು ಕೋಣೆ. ಲೇಔಟ್ ಆಗುವ ಮುಂಚೆ ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದ ಆಕೆ ಈಗ ನಾಲ್ಕು ಬಾಡಿಗೆ ಮನೆಗಳ ಒಡತಿ. ಬಾಯಿ ಜೋರು, ಕೈ ಧಾರಾಳ. ದಾನಮ್ಮನಿಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವರು, ಅವಳು ಊರಿಂದ ತಂದ ಖಡಕ್ ರೊಟ್ಟಿಯನ್ನು "ಇದೇನಮ್ಮ, ಹಪ್ಪಳಾನಾ?" ಎನ್ನುತ್ತಲೇ ಡಬ್ಬಿ ಖಾಲಿ ಮಾಡಿದವರು. ಹೋದ ತಿಂಗಳು ಆ ಕೋಣೆಯ ನೆಲದ ಮೇಲೆ, ಕಚ್ಚಿಕೊಂಡ ನಾಲಗೆಯೊಂದಿಗೆ ದಾನಮ್ಮ ಎಚ್ಚರಗೊಂಡಾಗ ಕೆಳಗಡೆ ಅದೇ ಮುನಿವೆಂಕಟಮ್ಮ ಹೂವಿನವಳ ಜತೆ ಜಗಳವಾಡುತ್ತಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರ. ದಾನಮ್ಮ ಕೂಗಲಿಲ್ಲ. ಹೇಳಿಬಿಟ್ಟರೆ ಈ ಕೋಣೆ ಹೋಗುತ್ತದೆ, ಕೋಣೆಯ ಜತೆ ಆ ಜೋರು ಬಾಯಿಯ ಆಸರೆಯೂ ಹೋಗುತ್ತದೆ.

ಈ ಭಾನುವಾರ ಸಂಜೆ ಧೈರ್ಯ ಮಾಡಿ, ಮಹಡಿ ಮೆಟ್ಟಿಲ ಮೇಲೆ ಕುಳಿತು, ಜಯನಗರದ ಒಂದು ಆಸ್ಪತ್ರೆಯ ವೆಬ್‌ಸೈಟು ತೆರೆದಿದ್ದಳು. ಕನ್ನಡದ ಪುಟವೂ ಇತ್ತು. ನರರೋಗ ವಿಭಾಗದಲ್ಲಿ ಮರುದಿನಕ್ಕೆ ಒಂದೇ ಸ್ಲಾಟ್ ಉಳಿದಿತ್ತು. ಅದನ್ನು ಒತ್ತಿದೊಡನೆ ನೋಂದಣಿ ಫಾರಂ ಬಂತು, ಮೂಲೆಯಲ್ಲಿ ಗಡಿಯಾರ ಓಡತೊಡಗಿತು. ಅದು ನಿಲ್ಲುವುದರೊಳಗೆ ಮುಗಿಸದಿದ್ದರೆ ಸ್ಲಾಟ್ ಬೇರೆಯವರಿಗೆ.

ಹೆಸರು, ಹುಟ್ಟಿದ ದಿನ, ಇಮೇಲ್ ಬರೆದಳು. ಅಲರ್ಜಿ? ಬದನೆಕಾಯಿ ತಿಂದರೆ ಬಾಯಿ ತುರಿಸುತ್ತದೆ, ಅದನ್ನೇ ಬರೆದಳು. ಈಗ ತೆಗೆದುಕೊಳ್ಳುತ್ತಿರುವ ಔಷಧ? ಇಲ್ಲ. ಮನೆಯವರ ಕಾಯಿಲೆ? ಅಪ್ಪನಿಗೆ ಬಿಪಿ, ಅಜ್ಜಿಗೆ ಶುಗರ್. ಆಮೇಲೆ ಚೌಕಗಳ ಸಾಲು: ಮಧುಮೇಹ, ಆಸ್ತಮಾ, ಥೈರಾಯ್ಡ್, ಅಪಸ್ಮಾರ ಅಥವಾ ಮೂರ್ಛೆರೋಗ. ಕೊನೆಯಲ್ಲಿ 'ಯಾವುದೂ ಇಲ್ಲ'. ಬೆರಳು ಅಭ್ಯಾಸಬಲದಿಂದ ಕೊನೆಯದನ್ನೇ ಒತ್ತಿತು. ಮಿಕ್ಕ ಚೌಕಗಳೆಲ್ಲ ಮಂಕಾದವು. ಏನೂ ಇಲ್ಲದವಳು ನರರೋಗದ ಡಾಕ್ಟರನ್ನು ಯಾಕೆ ನೋಡಬೇಕು ಎಂದು ತನಗೇ ನಗು ಬಂದು, ಗುರುತು ಅಳಿಸಿ, ಅಪಸ್ಮಾರದ ಮುಂದೆ ಹಾಕಿದಳು. ಮನಸ್ಸು ವಿಚಿತ್ರವಾಗಿ ಹಗುರವಾಯಿತು.

ಇನ್ಶೂರೆನ್ಸ್ ಕಾಲಂನಲ್ಲಿ ಆಫೀಸಿನ ಗುಂಪು ಪಾಲಿಸಿಯ ನಂಬರ್ ಹಾಕಿ ಇ-ಕಾರ್ಡಿನ ಫೋಟೊ ಏರಿಸಿದಳು. ಡಾಕ್ಟರನ್ನು ಬರೀ ಕಂಡು ಬರುವುದಕ್ಕೆ ಅವಳ ಪಾಲಿಸಿ ದುಡ್ಡು ಕೊಡುವುದಿಲ್ಲ, ದಾಖಲಾದರೆ ಮಾತ್ರ; ಆದರೂ ಕೇಳಿದ್ದಾರೆ, ಇರಲಿ. ಹಳೆಯ ಕಾಯಿಲೆಗೂ ಮೊದಲ ದಿನದಿಂದ ಅನ್ವಯಿಸುತ್ತದೆ ಎಂದು ಪಾಲಿಸಿಯ ಹಾಳೆಯಲ್ಲಿ ಎರಡೆರಡು ಸಲ ಓದಿಕೊಂಡಿದ್ದಳು.

ಉಳಿದದ್ದು ತುರ್ತು ಸಂಪರ್ಕ. 'ಬೇಗ ತಲುಪಬಲ್ಲವರ ಹೆಸರು ಕೊಡಿ' ಎಂದಿತ್ತು. ಅವ್ವ ಬರಬೇಕೆಂದರೆ ಒಂದು ರಾತ್ರಿಯ ಬಸ್ಸು, ಅದೂ ಅಳುತ್ತ. ಆಫೀಸಿನವರು ಆಫೀಸಿನವರೇ. ಕೆಳಗೆ ಜಗಲಿಯ ಮೇಲೆ ಮುನಿವೆಂಕಟಮ್ಮ ನೆನೆಹಾಕಿದ ಅವರೆಕಾಳನ್ನು ಪಟಪಟನೆ ಹಿದುಕುತ್ತಿದ್ದರು. ದಾನಮ್ಮ ಅವರ ನಂಬರನ್ನು ಕಾಪಿ ಮಾಡಿ ಅಂಟಿಸಿದಳು, ಖಾಲಿ ಉಳಿದಿದ್ದ ಇನ್ನೊಂದು ಮೊಬೈಲ್ ಕಾಲಂನಲ್ಲಿ ತನ್ನದನ್ನು ಬರೆದಳು. ಸಂಬಂಧ? ತಂದೆ-ತಾಯಿ, ಸಂಗಾತಿ, ಸಹೋದರರು, ಸ್ನೇಹಿತರು, ಇತರೆ. ಮನೆ ಓನರಿಗೆ ಜಾಗವಿರಲಿಲ್ಲ. 'ಇತರೆ' ಎಂದು ಆರಿಸಿ, ಸಲ್ಲಿಸಿ ಎಂಬುದನ್ನು ಒತ್ತಿದಳು. ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಎಂದಿತು ಫಾರಂ.

ಅವಳ ಫೋನಿಗೆ ಏನೂ ಬರಲಿಲ್ಲ. ಕೆಳಗೆ ಟಿಣ್ ಅಂದಿತು.

"ಅಯ್ಯೋ ನನ್ ಮಕ್ಕಳಾ!" ಮುನಿವೆಂಕಟಮ್ಮ ಕೂಗಿದರು. "ದಾನಮ್ಮಾ, ನೋಡ್ ಬಾ! ಯಾವನೋ ಕಳ್ಳ ನಂಗೆ ಒಟಿಪಿ ಕಳ್ಸವ್ನೆ!"

ದಾನಮ್ಮ ಸ್ಕ್ರೀನ್ ನೋಡಿದಳು. ಒಂದರ ಕೆಳಗೊಂದು ಎರಡು ಮೊಬೈಲ್ ಕಾಲಂ. ರೋಗಿಯದ್ದರಲ್ಲಿ ಮುನಿವೆಂಕಟಮ್ಮನವರ ನಂಬರ್, ತುರ್ತಿನದ್ದರಲ್ಲಿ ತನ್ನದು. ಓಡಿ ಇಳಿದಳು.

"ಆಂಟಿ, ಸ್ವಲ್ಪ ಆ ನಂಬರ್ ಹೇಳ್ತೀರಾ?"

ಮುನಿವೆಂಕಟಮ್ಮ ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡರು. "ನಿಂಗೂ ಇಲ್ಲ. ಯಾರ್ಗೂ ಅಂದ್ರೆ ಯಾರ್ಗೂ ಇಲ್ಲ. ನನ್ ಮೊಮ್ಮಗ ರೇವಂತ ಆಣೆ ಮಾಡ್ಸವ್ನೆ, ಹೆತ್ತ ಮಗ ಕೇಳಿದ್ರೂ ಕೊಡ್ಬೇಡ ಅಂತ. ಹಾಸ್ಪಿಟ್ಲು ಅಂತ ಬೇರೆ ಹಾಕವ್ರೆ. ನಂಗೇನ್ ಬಂದೈತೆ ರೋಗ, ಗುಂಡುಕಲ್ಲಂಗಿದೀನಿ! ತಡಿ, ಅವ್ನಿಗೇ ಫೋನ್ ಮಾಡ್ತೀನಿ, ಪೊಲೀಸ್ರಿಗೆ ಕೊಡ್ಲಿ."

"ಬೇಡ ಆಂಟಿ. ಅದು... ನಾನೇ ಹಾಕಿದ್ದು. ತಪ್ಪಿ."

"ನೀನಾ?" ಹಿದುಕುತ್ತಿದ್ದ ಕೈ ನಿಂತಿತು. "ನನ್ ನಂಬರ್ ಯಾಕಮ್ಮ ಹಾಕ್ದೆ?"

ತಪ್ಪಿ ಬಿತ್ತು ಎಂದು ಹೇಳಿ ಮುಗಿಸಬಹುದಿತ್ತು. ಹಿಂದಕ್ಕೆ ಹೋಗಿ ಎರಡೂ ನಂಬರ್ ತಿದ್ದಿದರೆ ಒಟಿಪಿ ತನ್ನ ಫೋನಿಗೇ ಬರುತ್ತದೆ, ಆಂಟಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಏನೂ ಗೊತ್ತಿಲ್ಲದವರಿಗೆ ಒಂದು ದಿನ ಆಸ್ಪತ್ರೆಯಿಂದ ಫೋನ್ ಬಂದರೆ?

"ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಕೇಳ್ತಾರೆ ಆಂಟಿ. ನನಗೇನಾದ್ರೂ ಆದ್ರೆ ಅವರು ಮೊದಲು ಫೋನ್ ಮಾಡೋರು."

ಮುನಿವೆಂಕಟಮ್ಮ ಸೆರಗಿನೊಳಗಿನ ಫೋನನ್ನು ಹೊರತೆಗೆದು ನೋಡಿದರು. ಮುಖದ ಮೇಲೆ ಒಂದು ಹೆಮ್ಮೆ ಬಂದು ಕೂತಿತು.

"ಓ. ನಾನು ನಿಂಗೆ ಏನಾಗ್ಬೇಕು ಅಂತ ಬರ್ದೆ?"

"ಇತರೆ ಅಂತ."

"ಹಂಗಂದ್ರೆ?"

"ಬೇರೆ... ಬೇರೆಯವರು ಅಂತ."

"ಬೇರೆಯವ್ರಾ! ಎರಡು ವರ್ಷದಿಂದ ನನ್ ಬಸ್ಸಾರು ಉಂಡು, ನನ್ನೇ ಬೇರೆ ಮಾಡ್ಬುಟ್ಯಾ? ಅಮ್ಮ ಅಂತ ಹಾಕಕ್ಕೆ ನಿನ್ ಗಂಟೇನ್ ಹೋಗ್ತಿತ್ತೇ?"

ದಾನಮ್ಮನಿಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಗಡಿಯಾರ ಇಳಿಯುತ್ತಿತ್ತು. ಅವಳ ಮುಖವನ್ನೇ ನೋಡುತ್ತಿದ್ದ ಮುನಿವೆಂಕಟಮ್ಮನವರ ದನಿ ತಗ್ಗಿತು.

"ಅದ್ ಬುಡು. ನಿಂಗೇನಾಗುತ್ತೆ? ಇಷ್ಟು ಸಣ್ಣ ವಯಸ್ಸಿನ ಹುಡ್ಗಿಗೆ ಏನಾಗುತ್ತೆ ಅಂತ ಯಾರೋ ನಂಗೆ ಫೋನ್ ಮಾಡ್ಬೇಕು? ಹೇಳು. ಆಮೇಲೇ ಒಟಿಪಿ."

ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದರು. ದಾನಮ್ಮ ಕೂತಳು. ಎರಡು ವರ್ಷ ಈ ಊರಿನ ಕನ್ನಡವನ್ನೇ ಅಳೆದು ತೂಗಿ ಆಡುತ್ತಿದ್ದ ನಾಲಗೆಗೆ ಈಗ ಆ ಮಾತು ಒಗ್ಗಲಿಲ್ಲ; ಊರಿನ ಮಾತೇ ಬಂತು.

"ನನಗ ಫಿಟ್ಸ್ ಬರ್ತದ್ರೀ ಆಂಟಿ. ಮ್ಯಾಲಿನ ಖೋಲ್ಯಾಗ ಒಬ್ಬಾಕೀನೇ ಇರಾಕ ಭಾಳ ಅಂಜಿಕಿ ಆಗ್ತದ."