ಮೂರನೆಯ ನೆರಳು

ಕಿಟಕಿಗೆ ಹಳೆಯ ಕಂಬಳಿ ಹೊದಿಸಿ ಮೊಳೆ ಹೊಡೆದಿದ್ದರು. ಹೊರಗಿನ ಬೆಳಕು ಕಂಪ್ಯೂಟರಿನ ಪರದೆಯ ಮೇಲೆ ಬಿದ್ದರೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ನಡುಮಧ್ಯಾಹ್ನವೂ ಆ ಕೋಣೆಯಲ್ಲಿ ಹೊತ್ತು ಎಷ್ಟೆಂದು ತಿಳಿಯುತ್ತಿರಲಿಲ್ಲ. ಮಂಚ, ಬೀರು, ಮೇಜು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಗಂಡ ಮಂಚದಿಂದ ಏಳಬೇಕಾದರೆ ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಅವನು ಕ್ಯಾಮೆರಾದವನು. ಅವನು ತೆಗೆದು ತಂದ ಚಿತ್ರವನ್ನು ಕತ್ತರಿಸಿ, ಜೋಡಿಸಿ, ತೊಳೆದು ಕೊಡುವುದು ಅವಳ ಕೆಲಸ.

"ನೆರಳು ಬಿದ್ದಿದೆ ಕಣೇ," ಅಂದ ಅವನು, ಹಲ್ಲು ನೋವು ಹೇಳಿಕೊಳ್ಳುವವನ ಹಾಗೆ. "ಸೂರ್ಯ ಬೆನ್ನಿಗಿದ್ದ. ಆಯಮ್ಮನ ಮುಖಕ್ಕೆ ಬೆಳಕು ಚೆನ್ನಾಗಿ ಬೀಳ್ತಿದೆ ಅಂತ ಖುಷಿಯಲ್ಲಿದ್ದೆ. ನೆಲ ನೋಡಲೇ ಇಲ್ಲ."

"ಮದುವೆ ಮನೇಲಿ ಕೂಡ ನೀವು ಮುಖ ಬಿಟ್ಟು ಬೇರೇನೂ ನೋಡಲ್ಲ ಬಿಡಿ."

"ನಿನ್ನ ಮುಖ ನೋಡಿ ತಾನೇ ಇಲ್ಲಿವರೆಗೂ ಬಂದಿದ್ದು."

ಅವಳು ನಕ್ಕು ಚಿತ್ರ ತೆರೆದಳು.

ಒಂದು ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಂಗಳ. ನಡುವೆ ಸ್ಟೂಲಿನ ಮೇಲೆ ಒಬ್ಬ ಹೊಲಿಗೆಯಾಕೆ ಕುಳಿತಿದ್ದಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ; ಇಡೀ ಮಾತು ಒಂದೇ ಶಾಟ್‌ನಲ್ಲಿದೆ. ಹಾಸ್ಟೆಲ್ಲಿನ ಗೇಟಿಗೆ ರಾತ್ರಿ ಹೊರಗಿನಿಂದ ಬೀಗ ಹಾಕುತ್ತಾರೆ. ಹಾಕಬಹುದೋ ಬಾರದೋ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿದೆ. ಆ ಸಮಿತಿಗೆ ತೋರಿಸಲೆಂದು ಕಾರ್ಖಾನೆಯ ಕಾರ್ಯದರ್ಶಿ ಈ ಚಿತ್ರ ಮಾಡಿಸಿದ್ದ. ಮಾಡಿಸುವಾಗ ಅವನು ಒಂದೇ ಮಾತು ಹೇಳಿದ್ದ: ಎಲ್ಲೂ ಕತ್ತರಿ ಹಾಕಬೇಡಿ, ಕತ್ತರಿ ಬಿದ್ದರೆ ಹೇಳಿಸಿದ ಮಾತು ಅಂತಾರೆ.

"ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ," ಎನ್ನುತ್ತಿದ್ದಳು ಹೊಲಿಗೆಯಾಕೆ. "ಬೀಗ ಹಾಕಿದ್ರೆ ನಮಗೇ ಧೈರ್ಯ."

ಆಕೆಯ ಕಾಲಿನವರೆಗೂ ಸಂಜೆಯ ನೆರಳುಗಳು ಉದ್ದಕ್ಕೆ ಚಾಚಿದ್ದವು. ಮೂರು ಕಾಲಿನ ಸ್ಟ್ಯಾಂಡಿನದು ಒಂದು. ಅದಕ್ಕೆ ಅಂಟಿಕೊಂಡು ಬಗ್ಗಿದ ತಲೆಯದು, ಗಂಡನದು, ಒಂದು. ಸ್ವಲ್ಪ ಬಲಕ್ಕೆ, ಸೊಂಟದ ಮೇಲೆ ಕೈಯಿಟ್ಟು ನಿಂತವರದು ಇನ್ನೊಂದು.

"ಇದ್ಯಾರ್ರೀ?"

"ಯಾವುದು? ಓ, ವಾರ್ಡನ್ ಅಮ್ಮ. ಪಕ್ಕದಲ್ಲಿ ನಿಂತಿದ್ರು. ಫ್ರೇಮಿನೊಳಗೆ ಬರ್ತಿದ್ದೀರಾ ಅಮ್ಮಾ, ಕ್ಯಾಮೆರಾ ಹಿಂದೆ ಬನ್ನಿ ಅಂತ ನಾನೇ ಕರೆದು ನಿಲ್ಲಿಸಿದೆ."

"ನೀವೇನಾ ನಿಲ್ಲಿಸಿದ್ದು?"

"ಮತ್ತೆ? ಹಿಂದೆ ಬಂದ್ರೆ ಮುಗೀತಲ್ಲ. ಫ್ರೇಮಲ್ಲಿ ಇಲ್ಲ."

ಅವನು ಅದನ್ನು ತಪ್ಪೆಂದು ಹೇಳಲಿಲ್ಲ. ತಪ್ಪೆಂದು ಅವನಿಗೆ ಹೊಳೆದಿರಲೂ ಇಲ್ಲ. ಇಷ್ಟು ವರ್ಷ ಅವನು ಕಲಿತದ್ದು ಒಂದೇ, ಕ್ಯಾಮೆರಾದ ಹಿಂದೆ ಇರುವುದು ಇಲ್ಲದ್ದಕ್ಕೆ ಸಮ. ಅವಳಿಗೂ ಅದೇ ಅಭ್ಯಾಸ. ಹಾಗಾಗಿ ತನಗೇಕೆ ಎದೆ ಭಾರವಾಯಿತೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಎಲ್ಲದಕ್ಕೂ ಹೆದರುವವಳು ತಾನು, ಇದೂ ಹಾಗೇ ಇರಬೇಕು ಅಂದುಕೊಂಡು ಕೆಲಸಕ್ಕೆ ಕೈಹಚ್ಚಿದಳು.

ಅಲ್ಲಾಡದ ಶಾಟ್ ಆದ್ದರಿಂದ ಕೆಲಸ ಕಷ್ಟದ್ದಲ್ಲ. ನೆರಳಿಲ್ಲದ ನೆಲದ ಒಂದು ಚಿತ್ರ ಸಿಕ್ಕರೆ ಸಾಕು, ಅದನ್ನು ತೇಪೆಯ ಹಾಗೆ ಇಡೀ ಶಾಟ್‌ನ ಮೇಲೆ ಕೂರಿಸಬಹುದು. ಖಾಲಿ ನೆಲವನ್ನು ಗಂಡ ಬೇರೆಯಾಗಿ ತೆಗೆದುಕೊಂಡಿರಲಿಲ್ಲ. ಅದೃಷ್ಟಕ್ಕೆ ನಡುವೆ ಒಂದು ಮೋಡ ಬಂದಿತ್ತು. ಸೂರ್ಯ ಮರೆಯಾದ ಆ ಗಳಿಗೆಯಲ್ಲಿ ನೆರಳುಗಳೆಲ್ಲ ಕರಗಿ ನೆಲ ಬರಿದಾಗಿತ್ತು. ಅವಳು ಆ ಫ್ರೇಮನ್ನು ಹಿಡಿದು ನಿಲ್ಲಿಸಿದಳು.

ನಿಲ್ಲಿಸಿದಾಗ ಹೊಲಿಗೆಯಾಕೆಯ ಕಣ್ಣು ಕಂಡಿತು.

ಮೊದಲಿನಿಂದಲೂ ಆಕೆ ತಲೆ ತಗ್ಗಿಸಿಯೇ ಮಾತಾಡುತ್ತಿದ್ದಳು. ನಾಚಿಕೆ ಇರಬೇಕು ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಆದರೆ ಮೋಡ ಬಂದು ನೆರಳು ಹೋದ ಕೂಡಲೇ ಆಕೆ ಬೆಚ್ಚಿ ಕಣ್ಣೆತ್ತಿದ್ದಳು, ಕ್ಯಾಮೆರಾದ ಕಡೆಗಲ್ಲ, ಅದರ ಪಕ್ಕಕ್ಕೆ. ವಾರ್ಡನ್ ಇನ್ನೂ ನಿಂತಿದ್ದಾಳೋ ಇಲ್ಲವೋ ಎಂದು. ಬಿಸಿಲು ಮರಳಿದಾಗ ಕಣ್ಣೂ ನೆಲಕ್ಕೆ ಮರಳಿತು. ಹೆಂಡತಿ ಶಾಟ್ ಅನ್ನು ಮತ್ತೆ ಮೊದಲಿನಿಂದ ಹಾಕಿದಳು. ಕ್ಯಾಮೆರಾದ ಹಿಂದಿನಿಂದ ಗಂಡ ಗೇಟಿನ ಬಗ್ಗೆ ಕೇಳಿದಾಗ ಮೂರನೆಯ ನೆರಳಿನ ಕೈ ಸೊಂಟದಿಂದ ಕೆಳಗಿಳಿಯಿತು. ಆಮೇಲೆಯೇ ಉತ್ತರ ಬಂದದ್ದು.

"ಇದನ್ನ ನೋಡಿ ಒಂದು ಸಲ."

ಅವನು ಬಾಗಿ ನೋಡಿದ. ಮತ್ತೊಮ್ಮೆ ಹಾಕಿಸಿ ನೋಡಿದ. ಮಂಚದ ಮೇಲೆ ಕೂತ.

"ನಾನು ಆಗ ಬ್ಯಾಟರಿ ನೋಡ್ಕೋತಾ ಇದ್ದೆ."

"ಇನ್ನೊಂದು ಸಲ ಹೋಗಿ ತೆಗೆಯೋಕಾಗಲ್ವಾ? ಆ ಅಮ್ಮ ಇಲ್ಲದ ಹೊತ್ತಲ್ಲಿ?"

"ಆ ಅಮ್ಮ ಇಲ್ಲದಿದ್ರೆ ಗೇಟ್ ತೆಗೆಯೋರು ಯಾರು? ಕೀ ಅವರ ಸೊಂಟದಲ್ಲೇ ಇರೋದು."

"ಹಾಗಾದ್ರೆ ನೆರಳು ತೆಗೆಯೋದೇ ಬೇಡ. ಇದ್ದ ಹಾಗೇ ಕೊಡೋಣ."

"ಮೊದಲು ಕಳಿಸಿದ್ದನ್ನ ನೋಡಿ ಕಾರ್ಯದರ್ಶಿ ಫೋನ್ ಮಾಡಿ ಹೇಳಿದ್ದೇ ನೆರಳು ತೆಗೀರಿ ಅಂತ. ತೆಗೀದಿದ್ರೆ ಇನ್ಯಾರ ಹತ್ರಾನೋ ತೆಗೆಸ್ತಾರೆ. ನಿನ್ನಷ್ಟು ಚೆನ್ನಾಗಿ ಆಗಲ್ಲ ಅಷ್ಟೆ."

ಅದು ಹೊಗಳಿಕೆಯೋ ಹಂಗಿಸಿದ್ದೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

"ಆಕೇನೇ ಕೇಳಿದ್ರೆ?" ಅಂದಳು ಅವಳು. "ಆಕೆಯ ಮಾತು ತಾನೇ. ಆಕೆ ಏನು ಹೇಳ್ತಾಳೋ ಹಾಗೆ ಮಾಡೋಣ."

"ಅಲ್ಲಿ ಹುಡುಗೀರ ಫೋನೆಲ್ಲ ಆಫೀಸಲ್ಲೇ ಇಟ್ಕೋತಾರೆ ಕಣೇ. ವಾರ್ಡನ್ ಫೋನಿಗೇ ಮಾಡ್ಬೇಕು."

ಅವಳು ಮಾಡಿದಳು. ಮಾತು ಒಂದು ಕಡೆ ಸರಿಯಾಗಿ ಕೇಳುತ್ತಿಲ್ಲ, ಆಕೆಯನ್ನೇ ಕೇಳಿ ಬರೆದುಕೊಳ್ಳಬೇಕು ಎಂದು ನೆಪ ಹೇಳಿದಳು. ವಾರ್ಡನ್ ಬಹಳ ಪ್ರೀತಿಯಿಂದಲೇ ಮಾತಾಡಿದಳು. "ಕರೀತೀನಿ ಇರಮ್ಮ, ಪಾಪ ನಿಮಗೂ ಎಷ್ಟು ಕೆಲಸ," ಎಂದಳು. ಸ್ವಲ್ಪ ಹೊತ್ತಿಗೆ ಚಿತ್ರದಲ್ಲಿ ಕೇಳಿದ ಅದೇ ದನಿ ಕಿವಿಗೆ ಬಂತು.

"ಹೇಳಿ ಅಕ್ಕಾ."

ಕೇಳಬೇಕಾದ್ದನ್ನು ಹೇಗೆ ಕೇಳಬೇಕೆಂದು ಅವಳು ಯೋಚಿಸಿಟ್ಟುಕೊಂಡಿದ್ದಳು. ಆ ದನಿ ಕೇಳಿದ್ದೇ ಎಲ್ಲ ಮರೆತುಹೋಯಿತು. "ನಿಮ್ಮ ಮುಂದೆ ನೆಲದ ಮೇಲೆ ನೆರಳು ಬಿದ್ದಿದೆ ತಂಗೀ," ಅಂದುಬಿಟ್ಟಳು. "ಕ್ಯಾಮೆರಾ ಪಕ್ಕ ನಿಂತವರದೂ ಇದೆ. ನೀವು ಅದನ್ನ ನೋಡ್ತಾ ಇದ್ದದ್ದು ಗೊತ್ತಾಗುತ್ತೆ. ಇಟ್ಟರೆ ಸಮಿತಿಯವರಿಗೆ ಕಾಣುತ್ತೆ. ತೆಗೀಲಾ, ಇಡ್ಲಾ?"

ಆ ಕಡೆ ಮೌನ. ಮೋಡ ಬಂದಾಗ ಆಕೆ ಕಣ್ಣೆತ್ತಿದ್ದ ಗಳಿಗೆಯಷ್ಟೇ ಉದ್ದದ ಮೌನ.

"ತೆಗೆದುಬಿಡಿ ಅಕ್ಕಾ. ಎಲ್ಲಾನೂ ತೆಗೆದುಬಿಡಿ."

"ನಿಮ್ಮ ಪಕ್ಕ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ."

ಅದರ ಹಿಂದೆಯೇ, ಬಹಳ ಹತ್ತಿರದಿಂದ, ವಾರ್ಡನ್ ಅಂದಳು: "ಆಯ್ತೇನಮ್ಮ? ಬರ್ಕೊಂಡ್ರಾ?"

ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಳು. ತಾನು ಫೋನು ಮಾಡದೆ ಇದ್ದಿದ್ದರೆ, ವಾರ್ಡನ್‌ಗೆ ಆ ನೆರಳಿನ ಸುದ್ದಿಯೇ ಗೊತ್ತಿರುತ್ತಿರಲಿಲ್ಲ. ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ, ಈಗ ಗೊತ್ತು. ಈಗ ಆ ನೆರಳು ಚಿತ್ರದಲ್ಲಿ ಉಳಿದು ಸಮಿತಿಗೆ ಕಂಡರೆ, ಅದನ್ನು ತೋರಿಸಿಕೊಟ್ಟದ್ದು ಯಾರ ಕಣ್ಣೆಂದೂ ಗೊತ್ತು. ಇವತ್ತು ರಾತ್ರಿ ಹೊರಗಿನಿಂದ ಬೀಗ ಬೀಳುವ ಮನೆಯೊಳಗೆ ಹೊಲಿಗೆಯಾಕೆ ಇರುತ್ತಾಳೆ. ತಾನಲ್ಲ.

"ಇಡೋಕಾಗಲ್ಲ," ಅಂದಳು.

"ತೆಗೆದ್ರೆ ಬೀಗ ಉಳಿಯುತ್ತಲ್ಲ," ಅಂದ ಅವನು. ಅಷ್ಟು ಹೊತ್ತು ತೆಗೆ ಎಂದವನೇ ಅವನು.

"ಮತ್ತೆ ಏನ್ರೀ ಮಾಡ್ಲಿ? ಅವಳ ಬೆನ್ನ ಮೇಲೆ ನಾನು ಧೈರ್ಯ ತೋರಿಸ್ಲಾ?"



ಅವಳು ತೇಪೆ ಹಾಕತೊಡಗಿದಳು. ಮೋಡದ ಹೊತ್ತಿನ ನೆಲ ಮಂಕಾಗಿತ್ತು, ಸ್ವಲ್ಪ ನೀಲಿಯಾಗಿತ್ತು. ಬೆಳಕೇರಿಸಿ ಸಂಜೆಯ ಬಿಸಿಲಿನ ಬಣ್ಣಕ್ಕೆ ತಂದಳು. ಆದರೂ ಅದು ಚಪ್ಪಟೆಯಾಗಿ ಕಂಡಿತು. ಬಿಸಿಲಿನಲ್ಲಿ ಪ್ರತಿ ಸಣ್ಣ ಕಲ್ಲಿಗೂ ಅದರದೇ ಚೂರು ನೆರಳಿರುತ್ತದೆ, ಮೋಡದ ನೆಲಕ್ಕೆ ಅದಿರಲಿಲ್ಲ. ಪಕ್ಕದ ಬಿಸಿಲು ನೆಲದಿಂದ ಚೂರುಚೂರೇ ಎತ್ತಿ ತಂದು ತುಂಬಿದಳು. ತೇಪೆಯ ಅಂಚನ್ನು ಮೆತ್ತಗೆ ಮಾಡಿದಳು. ಶಾಟ್ ಓಡಿಸಿದಾಗ ತೇಪೆಯಷ್ಟು ಜಾಗ ಸತ್ತಂತಿತ್ತು. ಕ್ಯಾಮೆರಾ ಹಿಡಿದ ಚಿತ್ರದ ಮೇಲೆಲ್ಲ ಸಣ್ಣ ಕಾಳಿನಂಥ ಚುಕ್ಕೆ ಸದಾ ಹರಿದಾಡುತ್ತದೆ, ನಿಂತ ಚಿತ್ರದ ಮೇಲೆ ಹರಿದಾಡುವುದಿಲ್ಲ. ಅದೇ ಅಳತೆಯ ಕಾಳನ್ನು ಎರಚಿದಳು. ನಿಜವಾದ ಮೋಡ ಬರುವಲ್ಲಿ ತೇಪೆ ಮಾತ್ರ ಬಿಸಿಲಾಗಿ ಉಳಿಯುತ್ತಿತ್ತು. ಅಲ್ಲಿ ಹೇಗೂ ನೆರಳಿಲ್ಲವಲ್ಲ ಎಂದು ತೇಪೆಯನ್ನು ನಿಧಾನವಾಗಿ ಕರಗಿಸಿ, ಬಿಸಿಲಿನ ಜೊತೆ ಮತ್ತೆ ಮೂಡಿಸಿದಳು. ಗಾಳಿಗೆ ಒಂದು ಬಟ್ಟೆಯ ಚೂರು ಉರುಳಿಕೊಂಡು ಬಂದು ತೇಪೆಯ ಅಂಚಿನಲ್ಲಿ ಮಾಯವಾಗುತ್ತಿತ್ತು. ಅದನ್ನು ಒಂದೊಂದೇ ಫ್ರೇಮಿನಲ್ಲಿ ಬಿಡಿಸಿ ತೇಪೆಯ ಮೇಲಕ್ಕೆ ತಂದಳು.

ಮುಗಿದಾಗ ಅಂಗಳದಲ್ಲಿ ಹೊಲಿಗೆಯಾಕೆ ಒಬ್ಬಳೇ ಇದ್ದಳು. ಯಾರ ಎದುರೂ ಅಲ್ಲ, ಯಾರ ಒತ್ತಾಯಕ್ಕೂ ಅಲ್ಲ, ತಾನೇ ತಾನಾಗಿ ಮಾತಾಡುತ್ತಿದ್ದಳು.

"ಎಲ್ಲಿ ತೆಗೆದೆ ಅಂತಾನೇ ಗೊತ್ತಾಗಲ್ಲ," ಅಂದ ಗಂಡ. ಅದನ್ನು ಹೇಳುವಾಗ ಅವನು ಪರದೆಯನ್ನು ನೋಡುತ್ತಿರಲಿಲ್ಲ.

ಕಾರ್ಯದರ್ಶಿಗೆ ಕಳಿಸಿದರು. ಅವನು ನೋಡಿ ಫೋನು ಮಾಡಿದ. ಗಂಡ ಸ್ಪೀಕರಿಗೆ ಹಾಕಿದ.

"ಫಸ್ಟ್ ಕ್ಲಾಸ್ ಕಣ್ರೀ! ನೆಲ ಒಳ್ಳೆ ಗುಡಿಸಿದ ಹಾಗಿದೆ. ಒಂದೇ ಒಂದು ಮಾತು. ಆಯಮ್ಮ ಯಾವಾಗ್ಲೂ ಆ ಖಾಲಿ ನೆಲಾನೇ ನೋಡ್ತಾಳಲ್ಲ, ನಡುವೆ ಒಂದು ಸಲ ಪಕ್ಕಕ್ಕೆ ಬೇರೆ ನೋಡ್ತಾಳೆ. ಏನಿದೆ ಅಲ್ಲಿ? ಏನೂ ಇಲ್ಲ. ನೋಡಿದವರಿಗೆ ಒಂಥರಾ ಅನ್ಸುತ್ತೆ. ಆ ಕಣ್ಣನ್ನೂ ಸ್ವಲ್ಪ ನೇರ ಮಾಡಿಸಿಬಿಡಿ."

ಗಂಡ ಅವಳ ಕಡೆ ನೋಡಿದ. ಕಣ್ಣು ನೇರ ಮಾಡುವುದು ಅವಳಿಗೆ ಬರುತ್ತಿತ್ತು. ಮೊನ್ನೆ ತಾನೇ ತಾಳಿ ಕಟ್ಟುವಾಗ ಕಣ್ಣು ಮುಚ್ಚಿದ್ದ ಒಬ್ಬ ಮದುಮಗನಿಗೆ ಅವಳು ಕಣ್ಣು ತೆರೆಸಿದ್ದಳು, ಅವನ ಮನೆಯವರೆಲ್ಲ ಬಂದು ನೋಡಿ ಹಿಗ್ಗಿದ್ದರು.

"ಆಗಲ್ಲ," ಅಂದಳು ಅವಳು.

 ಅವನು ಫೋನಿಗೆ ಹೇಳಿದ: "ಆಗಲ್ವಂತೆ ಸಾರ್."

"ಆಗಲ್ಲ ಅಂದ್ರೆ? ಕಾಲ ಎಷ್ಟು ಮುಂದುವರಿದಿದೆ!"

"ಕಣ್ಣು ಮುಟ್ಟಿದ್ರೆ ಗೊಂಬೆ ಥರ ಆಗುತ್ತೆ ಸಾರ್. ನೋಡಿದ ಕೂಡ್ಲೇ ಗೊತ್ತಾಗಿಬಿಡುತ್ತೆ, ಏನೋ ಮಾಡಿದ್ದಾರೆ ಅಂತ."

"ಹಂಗಾದ್ರೆ ಅಷ್ಟನ್ನ ಕತ್ತರಿಸಿಬಿಡಿ."

"ಕತ್ತರಿಸಿದ್ರೆ ಮಾತು ಹಾರುತ್ತೆ ಸಾರ್. ಹೇಳಿಸಿದ ಮಾತು ಅಂತಾರೆ. ನೀವೇ ಅಂದಿದ್ರಿ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಸರಿ, ಇರ್ಲಿ ಬಿಡಿ. ಕಣ್ಣನ್ನ ಯಾರು ನೋಡ್ತಾ ಕೂರ್ತಾರೆ."

ಫೋನು ಕಟ್ಟಾಯಿತು. ಗಂಡ ಅದನ್ನು ದಿಂಬಿನ ಮೇಲೆ ಹಾಕಿ, ಎರಡು ಕೈಯಲ್ಲೂ ಮುಖ ಉಜ್ಜಿಕೊಂಡ.

"ಯಾರಾದ್ರೂ ನೋಡ್ತಾರಾ?" ಎಂದು ಕೇಳಿದ.

"ಗೊತ್ತಿಲ್ಲ," ಅಂದಳು ಅವಳು.